ಆರು ತಿಂಗಳ ನಂತರದ ಡಾಲರಿಗೆ ಇಂದೇ ಬೆಲೆ: ಮಿಡಿಸೌತೆಯ ಒಂದು ಲೆಕ್ಕ

ತುಮಕೂರಿನ ಮಿಡಿಸೌತೆ ರಫ್ತುದಾರರೊಬ್ಬರಿಗೆ ಆರು ತಿಂಗಳ ನಂತರ ಒಂದು ಲಕ್ಷ ಡಾಲರ್ ಬರಲಿದೆ ಎಂದಿಟ್ಟುಕೊಳ್ಳೋಣ. ಇಂದಿನ ದರ, ಅಂದರೆ ಸ್ಪಾಟ್ ದರ, ಡಾಲರಿಗೆ 84 ರೂಪಾಯಿ ಎಂದಿರಲಿ. ಆರು ತಿಂಗಳ ನಂತರ ಡಾಲರನ್ನು ಯಾವ ದರಕ್ಕೆ ಕೊಳ್ಳುತ್ತೇವೆಂದು ಬ್ಯಾಂಕು ಇಂದೇ ಮಾತು ಕೊಟ್ಟರೆ ಅದು ಫಾರ್ವರ್ಡ್ ದರ. ಆ ದರ 84ಕ್ಕಿಂತ ಹೆಚ್ಚಿರುವುದನ್ನು ಕಂಡು, ರೂಪಾಯಿ ಕುಸಿಯುತ್ತದೆಂದು ಬ್ಯಾಂಕಿಗೆ ಮೊದಲೇ ಗೊತ್ತಿರಬೇಕು ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಆದರೆ ಈ ದರದಲ್ಲಿ ಭವಿಷ್ಯವಾಣಿ ಏನೂ ಇಲ್ಲ. ಇರುವುದು ಎರಡು ದೇಶಗಳ ಬಡ್ಡಿಯ ವ್ಯತ್ಯಾಸ ಮಾತ್ರ.

ಇದನ್ನು ಮೊದಲು ಗಮನಿಸಿದವರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞ ವಾಲ್ಟರ್ ಲೋಟ್ಸ್ ಒಬ್ಬರು. ವಿಯೆನ್ನಾ ಮತ್ತು ಬರ್ಲಿನ್ ಪೇಟೆಗಳ ಫಾರ್ವರ್ಡ್ ವಹಿವಾಟಿನ ಬಗ್ಗೆ ಅವರು 1889ರಲ್ಲೇ ಬರೆದಿದ್ದರು. ಮೊದಲ ಮಹಾಯುದ್ಧದ ನಂತರ ಕರೆನ್ಸಿಗಳು ಚಿನ್ನದ ನಂಟು ಕಳಚಿಕೊಂಡು ಓಲಾಡತೊಡಗಿದಾಗ, ಜಾನ್ ಮೇನಾರ್ಡ್ ಕೇನ್ಸ್ 1922 ಮತ್ತು 1923ರ ಬರಹಗಳಲ್ಲಿ ಅದೇ ಸಂಗತಿಯನ್ನು ನಿಯಮದ ರೂಪಕ್ಕೆ ತಂದರು. ಬಡ್ಡಿ ಹೆಚ್ಚಿರುವ ಕರೆನ್ಸಿ ಫಾರ್ವರ್ಡ್ ಪೇಟೆಯಲ್ಲಿ ಅಗ್ಗವಾಗಿರುತ್ತದೆ, ಮತ್ತು ಎಷ್ಟು ಅಗ್ಗವೆಂಬುದನ್ನು ಬಡ್ಡಿಯ ಅಂತರವೇ ತೀರ್ಮಾನಿಸುತ್ತದೆ. ಇದನ್ನೇ ರಕ್ಷಿತ ಬಡ್ಡಿ ಸಮತೆ ಎನ್ನುತ್ತಾರೆ.

ನಿಯಮದ ಬಲ ಇರುವುದು ಅದರ ಹಿಂದಿನ ವ್ಯವಹಾರದಲ್ಲಿ. ರೂಪಾಯಿಯ ಬಡ್ಡಿ ವರ್ಷಕ್ಕೆ ಶೇ 7, ಡಾಲರಿನದು ಶೇ 4 ಎಂದಿರಲಿ. ನಮ್ಮ ರಫ್ತುದಾರರು ಬರಲಿರುವ ಒಂದು ಲಕ್ಷ ಡಾಲರನ್ನು ನೆಚ್ಚಿಕೊಂಡು ಇಂದೇ 98,039 ಡಾಲರ್ ಸಾಲ ಪಡೆಯುತ್ತಾರೆ. ಶೇ 2ರ ಅರ್ಧ ವರ್ಷದ ಬಡ್ಡಿ ಸೇರಿದರೆ ಅದು ಸರಿಯಾಗಿ ಒಂದು ಲಕ್ಷವಾಗುತ್ತದೆ. ಆ ಡಾಲರನ್ನು 84ರಂತೆ ಮಾರಿದರೆ 82,35,294 ರೂಪಾಯಿ ಕೈಗೆ ಬರುತ್ತದೆ. ಅದನ್ನು ಠೇವಣಿಯಿಟ್ಟರೆ ಶೇ 3.5ರ ಬಡ್ಡಿ ಸೇರಿ ಆರು ತಿಂಗಳಿಗೆ 85,23,529 ರೂಪಾಯಿ. ಅಂದರೆ ಫಾರ್ವರ್ಡ್ ಒಪ್ಪಂದವನ್ನು ಮುಟ್ಟದೆಯೇ ಅವರು ತಮ್ಮ ಡಾಲರಿಗೆ 85.2353ರ ಬೆಲೆಯನ್ನು ಗಟ್ಟಿಮಾಡಿಕೊಂಡಂತಾಯಿತು. ಬ್ಯಾಂಕು ಇದಕ್ಕಿಂತ ತೀರಾ ಕಡಿಮೆ ಕೊಟ್ಟರೆ ತಿಳಿದವರು ಈ ಸುತ್ತುದಾರಿಯನ್ನೇ ಹಿಡಿಯುತ್ತಾರೆ. ಹೆಚ್ಚು ಕೊಟ್ಟರೆ ಇದನ್ನು ತಿರುವುಮುರುವಾಗಿ ಮಾಡಿ ಬ್ಯಾಂಕಿನ ಹಣವನ್ನೇ ಗೆಲ್ಲುತ್ತಾರೆ. ಸೂತ್ರ ಇಷ್ಟೇ. ಇಲ್ಲಿ F ಫಾರ್ವರ್ಡ್ ದರ, S ಸ್ಪಾಟ್ ದರ, r ಆಯಾ ಕರೆನ್ಸಿಯ ವಾರ್ಷಿಕ ಬಡ್ಡಿ, t ವರ್ಷದ ಲೆಕ್ಕದಲ್ಲಿ ಅವಧಿ:

```
F = S × (1 + r_INR × t) / (1 + r_USD × t)
F = 84 × 1.035 / 1.02 = 85.2353
```

ತಪ್ಪುಗಳು ಆಗುವುದು `t` ಹಾಕುವಲ್ಲಿ. ಅವಧಿಯನ್ನು ಮರೆತು ವರ್ಷದ ಬಡ್ಡಿಯನ್ನೇ ತುಂಬಿದರೆ 86.42 ಬರುತ್ತದೆ, ಮತ್ತು ಆ ಅಂಕಿಯನ್ನು ಹಿಡಿದು ಬ್ಯಾಂಕು ಮೋಸ ಮಾಡುತ್ತಿದೆ ಎಂದು ಜಗಳಕ್ಕೆ ನಿಲ್ಲಬಹುದು. ಇನ್ನೊಂದು ತಪ್ಪು ಸೂಕ್ಷ್ಮವಾದದ್ದು: ರೂಪಾಯಿಯ ಬಡ್ಡಿಯನ್ನು 365 ದಿನದ ವರ್ಷಕ್ಕೂ ಡಾಲರಿನ ಬಡ್ಡಿಯನ್ನು 360 ದಿನದ ವರ್ಷಕ್ಕೂ ಎಣಿಸುವುದು ಪೇಟೆಯ ರೂಢಿ. ಒಪ್ಪಂದ 180 ದಿನದ್ದಾದರೆ ಆ ಎಣಿಕೆಯಲ್ಲಿ ದರ 85.1958ಕ್ಕೆ ಇಳಿಯುತ್ತದೆ. ವ್ಯತ್ಯಾಸ ನಾಲ್ಕು ಪೈಸೆಯಾದರೂ ಲಕ್ಷ ಡಾಲರಿಗೆ ಅದು ಸುಮಾರು 3,950 ರೂಪಾಯಿ.

ಪೇಟೆಯ ದರ ಸೂತ್ರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆಂದು ಕೇನ್ಸ್ ಕೂಡ ಹೇಳಲಿಲ್ಲ. ವರ್ಷಕ್ಕೆ ಅರ್ಧ ಪ್ರತಿಶತದಷ್ಟಾದರೂ ಲಾಭ ಕಾಣದೆ ಹಣ ಒಂದೂರಿನಿಂದ ಇನ್ನೊಂದೂರಿಗೆ ಕದಲುವುದಿಲ್ಲವೆಂದು ಅವರು ಅಂದಾಜಿಸಿದ್ದರು. ನಂತರ ಪ್ರಮುಖ ಕರೆನ್ಸಿಗಳಲ್ಲಿ ಸೂತ್ರಕ್ಕೂ ಪೇಟೆಯ ದರಕ್ಕೂ ನಡುವಿನ ಅಂತರ ತುಂಬಾ ಕಿರಿದಾಯಿತು. ಆದರೆ 2008ರ ಬಿಕ್ಕಟ್ಟಿನಲ್ಲಿ ಡಾಲರ್ ಸಾಲವೇ ಸಿಗದಂತಾದಾಗ ಅದು ಮತ್ತೆ ಬಾಯ್ದೆರೆಯಿತು, ಮುಂದೆಯೂ ಪೂರ್ತಿ ಮುಚ್ಚಲಿಲ್ಲ. ಭಾರತದಲ್ಲಿ ಬಂಡವಾಳದ ಹರಿವಿಗೆ ನಿರ್ಬಂಧಗಳಿರುವುದರಿಂದ ಸುತ್ತುದಾರಿ ಎಲ್ಲರಿಗೂ ತೆರೆದಿಲ್ಲ. ಹಾಗಾಗಿ ಫಾರ್ವರ್ಡ್ ದರ ಸ್ಪಾಟ್ ದರಕ್ಕಿಂತ ಎಷ್ಟು ಹೆಚ್ಚೋ ಆ ಪ್ರೀಮಿಯಂ ಅನ್ನು ರಫ್ತುದಾರರ ಮತ್ತು ಆಮದುದಾರರ ಬೇಡಿಕೆಯೂ ಎಳೆದಾಡುತ್ತದೆ.

ಬಡ್ಡಿಯ ಕೈವಾಡ ಎದ್ದು ಕಂಡದ್ದು 2013ರಲ್ಲಿ. ಕುಸಿಯುತ್ತಿದ್ದ ರೂಪಾಯಿಯನ್ನು ತಡೆಯಲು ರಿಸರ್ವ್ ಬ್ಯಾಂಕು ಜುಲೈನಲ್ಲಿ ಅಲ್ಪಾವಧಿಯ ಬಡ್ಡಿಯನ್ನು ಶೇ 10.25ರವರೆಗೆ ಏರಿಸಿತು. ಸೂತ್ರದ ಮೇಲ್ಭಾಗ ಹಿಗ್ಗಿದ್ದರಿಂದ ಫಾರ್ವರ್ಡ್ ಡಾಲರ್ ದುಬಾರಿಯಾಯಿತು. ಅನಿವಾಸಿ ಭಾರತೀಯರಿಂದ ಡಾಲರ್ ಠೇವಣಿ ತಂದು ಮುಂದೆ ಡಾಲರಿನಲ್ಲೇ ಮರಳಿಸಬೇಕಾದ ಬ್ಯಾಂಕುಗಳಿಗೆ ಆ ವೆಚ್ಚವನ್ನು ಹೊರುವುದು ಕಷ್ಟವಾಯಿತು. ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಆ ಡಾಲರನ್ನು ಪಡೆದು ರೂಪಾಯಿ ಕೊಟ್ಟು, ಮುಂದೆ ಡಾಲರನ್ನೇ ಮರಳಿಸುವ ವಿನಿಮಯವನ್ನು ಪೇಟೆಗಿಂತ ಕಡಿಮೆಯಾದ, ವರ್ಷಕ್ಕೆ ಶೇ 3.5ರ ವೆಚ್ಚಕ್ಕೆ ತಾನೇ ಒದಗಿಸಿತು. ನಿಯಮವನ್ನು ಸರ್ಕಾರಿ ಖರ್ಚಿನಲ್ಲಿ ಬಗ್ಗಿಸಿದ್ದು ಎನ್ನಬಹುದು.

ಇನ್ನು ನಮ್ಮ ರಫ್ತುದಾರರಿಗೆ ಬ್ಯಾಂಕು ಕೊಡುವುದು 85.2353 ಅಲ್ಲ, 85.00 ಎನ್ನೋಣ. ಪೇಟೆಯ ಬಡ್ಡಿದರಗಳು ಅವರ ಬಡ್ಡಿದರಗಳೇ ಅಲ್ಲ. ರೈತರಿಂದ ಕಾಯಿ ಕೊಳ್ಳಲು ಅವರು ಪಡೆದಿರುವ ರೂಪಾಯಿಯ ಪ್ಯಾಕಿಂಗ್ ಕ್ರೆಡಿಟ್‌ಗೆ ಶೇ 9 ಬಡ್ಡಿ ಬೀಳುತ್ತದೆ. ಅದನ್ನೇ ಡಾಲರಿನಲ್ಲಿ ಪಡೆದರೆ ಶೇ 6. ಅರ್ಧ ವರ್ಷವೆಂದೇ ಹಿಡಿದರೆ ಅವರ ಸ್ವಂತ ಫಾರ್ವರ್ಡ್ ದರ 84 × 1.045 / 1.03, ಅಂದರೆ 85.2233. ಡಾಲರ್ ಸಾಲವನ್ನು ಇಂದೇ ಮಾರಿ ಸರಕು ಕೊಂಡು, ಬರುವ ಡಾಲರಿನಿಂದಲೇ ತೀರಿಸಿದರೆ, ಬ್ಯಾಂಕಿನ 85.00ಕ್ಕೆ ಹೋಲಿಸಿದಾಗ ಒಂದು ಲಕ್ಷ ಡಾಲರಿಗೆ ಸುಮಾರು 22,330 ರೂಪಾಯಿ ಅನುಕೂಲ. ಆದರೆ ಈ ಸಾಲ ಸರಕು ಕೊಳ್ಳುವುದಕ್ಕೇ ಮೀಸಲು, ಠೇವಣಿಗೆ ಹಾಕುವಂತಿಲ್ಲ. ಖರೀದಿದಾರ ಹಣ ಕಳಿಸುವುದು ತಡವಾದರೆ ಡಾಲರಿನ ಬಡ್ಡಿಯೂ ಓಡುತ್ತಲೇ ಇರುತ್ತದೆ.