ಪರದೆಯ ಮೇಲೆ ಮಗನ ಹೆಸರು, ಮಾತನಾಡಿದವನು ಬೇರೊಬ್ಬ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ಕೃಷಿಕರ ಮನೆಯೊಂದರ ಪ್ರಕರಣ ಇದು. ಮಗ ಶಾರ್ಜಾದಲ್ಲಿ ಉದ್ಯೋಗದಲ್ಲಿದ್ದಾರೆ. ಒಂದು ಸಂಜೆ ತಾಯಿಯ ಮೊಬೈಲಿಗೆ ಕರೆ ಬಂತು. ಪರದೆಯ ಮೇಲೆ ಕಂಡದ್ದು ಮಗನ ಹೆಸರು, ಕೇಳಿಸಿದ್ದು ಅಪರಿಚಿತ ಗಂಡಸಿನ ಗಡಸು ಧ್ವನಿ. ತಾನು ಪೊಲೀಸ್, ನಿಮ್ಮ ಮಗನ ಕಾರಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಅವನ ಫೋನಿನಿಂದಲೇ ಮಾತನಾಡುತ್ತಿದ್ದೇನೆ ಎಂದು ಮಲಯಾಳದಲ್ಲಿ ಹೇಳಿದ. ಹಿನ್ನೆಲೆಯಲ್ಲಿ ಯಾರೋ ಅಳುವ ಸದ್ದು. ಪ್ರಕರಣ ದಾಖಲಾಗುವ ಮೊದಲು ಹಣ ಕಳುಹಿಸಬೇಕು, ಅಲ್ಲಿಯವರೆಗೆ ಫೋನ್ ಇಡಬಾರದು ಎಂಬುದು ಅವನ ತಾಕೀತು.

ಪಕ್ಕದಲ್ಲಿದ್ದ ಮಗಳು, “ಅಮ್ಮ, ಫೋನ್ ಇಡಿ, ನಾನು ಅಣ್ಣನಿಗೆ ಮಾಡುತ್ತೇನೆ” ಎಂದು ತನ್ನ ಮೊಬೈಲಿನಿಂದ ಕರೆ ಮಾಡಿದಳು. ಅಣ್ಣ ಕೆಲಸ ಮುಗಿಸಿ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಹಣ ಹೋಗಲಿಲ್ಲ. ಆದರೆ ತಾಯಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು: ಮಗನ ಫೋನ್ ಮಗನ ಕೈಯಲ್ಲೇ ಇದ್ದರೆ ಅವನ ಹೆಸರು ಬಂದದ್ದು ಹೇಗೆ? ದೂರವಾಣಿ ಎಕ್ಸ್‌ಚೇಂಜಿನ ಕೆಲಸದಲ್ಲಿರುವ ನನ್ನ ಬಳಿ ಈ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತಲೇ ಇರುತ್ತದೆ.

ಹೆಸರು ಎಲ್ಲಿಂದಲೂ ಬಂದದ್ದಲ್ಲ, ಅದನ್ನು ತೋರಿಸಿದ್ದು ತಾಯಿಯ ಮೊಬೈಲೇ. ಆ ಕರೆಯ ಜೊತೆಗೆ ಬಂದದ್ದು ನಂಬರ್ ಮಾತ್ರ. ಆ ನಂಬರ್ ತನ್ನ ಪಟ್ಟಿಯಲ್ಲಿದ್ದರೆ ಮೊಬೈಲು ಅದರ ಎದುರು ಬರೆದಿಟ್ಟ ಹೆಸರನ್ನೂ ಚಿತ್ರವನ್ನೂ ಪರದೆಗೆ ತರುತ್ತದೆ. ವಂಚಕನಿಗೆ ಮಗನ ನಂಬರ್ ಗೊತ್ತಿದ್ದರೆ ಸಾಕು. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ಗಳ ಮಿತಿಯೂ ಇದೇ. ಅವು ನಂಬರಿನ ಒಡೆಯ ಯಾರೆಂದು ಹುಡುಕಿ ಹೇಳುತ್ತವೆ. ನಂಬರೇ ಸುಳ್ಳಾಗಿದ್ದರೆ ಅದರ ನಿಜವಾದ ಒಡೆಯನ ಹೆಸರನ್ನು ತೋರಿಸಿ, ಸುಳ್ಳಿಗೆ ಇನ್ನಷ್ಟು ಬಲ ಕೊಡುತ್ತವೆ.

ಇನ್ನು ನಂಬರ್ ಸುಳ್ಳಾಗುವ ಬಗೆ. ಒಂದು ಕರೆ ಹೊರಟಾಗ ಅದರ ಮುಂದೆ ಒಂದು ಸಣ್ಣ ಸಂದೇಶ ಹೋಗುತ್ತದೆ. ಅದರಲ್ಲಿ ಎರಡು ನಂಬರ್‌ಗಳಿರುತ್ತವೆ: ಕರೆ ಯಾರಿಗೆ ಎನ್ನುವುದು ಒಂದು, ಯಾರಿಂದ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಒಂದು ಅಂಕಿ ತಪ್ಪಿದರೂ ಕರೆ ಬೇರೆಲ್ಲಿಗೋ ಹೋಗುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ಎರಡನೆಯದು ತಪ್ಪಾಗಿದ್ದರೆ ಏನೂ ಕೆಡುವುದಿಲ್ಲ. ಕರೆ ಸರಿಯಾಗಿ ತಲುಪುತ್ತದೆ, ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಸಿಮ್ ಹಾಕಿದ ಮೊಬೈಲಿನಿಂದ ಕರೆ ಹೊರಟರೆ ಈ ಎರಡನೆಯ ನಂಬರನ್ನು ತುಂಬುವುದು ಕಂಪನಿಯ ಜಾಲ; ಅಲ್ಲಿ ನಾವು ಕೈಯಾಡಿಸುವಂತಿಲ್ಲ. ಇಂಟರ್ನೆಟ್ ಮೂಲಕ ಹೊರಡುವ ಕರೆಯಲ್ಲಿ ಅದನ್ನು ತುಂಬುವುದು ಕಳುಹಿಸುವವನ ಸಾಫ್ಟ್‌ವೇರ್. ಆ ಕರೆಯನ್ನು ಮೊದಲು ಸ್ವೀಕರಿಸುವ ಕಂಪನಿ ‘ಈ ನಂಬರ್ ನಿನ್ನದೇ?’ ಎಂದು ಪರೀಕ್ಷಿಸಬೇಕು. ಪರೀಕ್ಷಿಸದೆ ಮುಂದಕ್ಕೆ ಬಿಡುವ ಒಂದು ಕಂಪನಿ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಸಾಕು, ನಂತರ ಬರುವ ಎಕ್ಸ್‌ಚೇಂಜುಗಳು ಹಿಂದಿನವರು ಬರೆದದ್ದನ್ನು ನಂಬಿ ದಾಟಿಸುತ್ತವೆ.

ಇದಕ್ಕೆ ತಡೆಯೇ ಇಲ್ಲವೆಂದಲ್ಲ. ವಿದೇಶದಿಂದ ಭಾರತದ +91 ನಂಬರ್ ಹೊತ್ತು ಬರುವ ಸುಳ್ಳು ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್ 22ರಂದು ಆರಂಭಿಸಿತು. ಮೊದಲ 24 ಗಂಟೆಗಳಲ್ಲೇ 1.35 ಕೋಟಿ ಕರೆಗಳು ಸುಳ್ಳೆಂದು ಪತ್ತೆಯಾದವು. ಅದು ಕೇಳುವ ಪ್ರಶ್ನೆ ಸರಳ: ಈ ನಂಬರಿನ ಸಿಮ್ ನಿಜವಾಗಿ ವಿದೇಶದಲ್ಲಿ ರೋಮಿಂಗ್‌ನಲ್ಲಿದೆಯೇ? ಸಿಮ್ ಕಾಸರಗೋಡಿನಲ್ಲೇ ಇದ್ದು ಕರೆ ಮಾತ್ರ ಹೊರದೇಶದಿಂದ ಬಂದರೆ ಅದು ಸುಳ್ಳು ಎಂದು ಅಲ್ಲೇ ನಿಲ್ಲಿಸುತ್ತದೆ. ಒಳ್ಳೆಯ ವ್ಯವಸ್ಥೆ, ಅನುಮಾನವಿಲ್ಲ.

ಆದರೆ ನಮ್ಮ ಜಿಲ್ಲೆಯ ಗಲ್ಫ್ ಮನೆಗಳ ಪರಿಸ್ಥಿತಿ ಬೇರೆ. ಬ್ಯಾಂಕಿನ ಒಟಿಪಿ ಬರಬೇಕೆಂದು ಊರಿನ ಸಿಮ್ಮನ್ನು ಎರಡನೆಯ ಜಾಗದಲ್ಲಿ ಹಾಕಿಟ್ಟುಕೊಳ್ಳುವುದು ಅಲ್ಲಿ ದುಡಿಯುವವರ ರೂಢಿ. ಈ ಮಗನೂ ಹಾಗೆಯೇ ಮಾಡಿದ್ದರು. ಅಂಥ ನಂಬರಿನ ಬಗ್ಗೆ ಕೇಳಿದರೆ ‘ಹೌದು, ಸಿಮ್ ವಿದೇಶದಲ್ಲಿದೆ’ ಎಂಬ ಉತ್ತರವೇ ಸಿಗುತ್ತದೆ. ಸಿಮ್ ಎಲ್ಲಿದೆ ಎನ್ನುವುದು ಅದರಿಂದ ತಿಳಿಯುತ್ತದೆ, ಈ ಕರೆ ಆ ಸಿಮ್ಮಿನಿಂದಲೇ ಹೊರಟಿತೇ ಎನ್ನುವುದು ತಿಳಿಯುವುದಿಲ್ಲ. ಜೊತೆಗೆ, ಗಲ್ಫಿನ ಕರೆಗಳು ಕಳ್ಳದಾರಿಯಲ್ಲಿ ಬಂದು ಯಾವುದೋ ಊರಿನ ನಂಬರ್ ತೋರಿಸುವುದನ್ನು ನಮ್ಮವರು ವರ್ಷಗಟ್ಟಲೆ ನೋಡಿದ್ದಾರೆ. ನಂಬರ್ ಹೇಗಿದ್ದರೂ ಮಾತನಾಡುವ ಅಭ್ಯಾಸ ಇಲ್ಲಿ ಬೇರೂರಿದೆ. ಹೀಗಾಗಿ ಗಲ್ಫಿನಲ್ಲಿ ಮಕ್ಕಳಿರುವ ತಂದೆತಾಯಿಯರ ಬಗ್ಗೆ ನನಗೆ ಹೆಚ್ಚು ಆತಂಕ.

ಅನುಮಾನ ಪಡಲು ಆ ಸಂಜೆ ಕಾರಣಗಳಿದ್ದವು. ಮಗ ಯಾವತ್ತೂ ಬೋಟಿಮ್ ಆ್ಯಪಿನಲ್ಲಿ ಕರೆಯುವವರು. ರೋಮಿಂಗ್ ದರ ಕೊಟ್ಟು ಊರಿನ ಸಿಮ್ಮಿನಿಂದ ಮಾಡಿದವರೇ ಅಲ್ಲ. ಇನ್ನೊಂದು ಕಾರಣ, ಫೋನ್ ಇಡಬೇಡಿ ಎಂಬ ಒತ್ತಾಯ. ಹೆದರಿಸುವುದು ಅದರ ಅರ್ಧ ಉದ್ದೇಶ ಮಾತ್ರ. ವಂಚಕ ಮಗನ ನಂಬರನ್ನು ಬರೆದು ಕಳುಹಿಸಬಲ್ಲ, ಆ ನಂಬರಿಗೆ ಬರುವ ಕರೆಯನ್ನು ತನ್ನ ಕಡೆಗೆ ಎಳೆದುಕೊಳ್ಳಲಾರ. ನಾವು ಮರಳಿ ಕರೆ ಮಾಡಿದರೆ ಜಾಲ ಅದನ್ನು ನಿಜವಾದ ಸಿಮ್ಮಿಗೇ ಒಯ್ಯುತ್ತದೆ. ನಾವು ಫೋನ್ ಇಟ್ಟ ಕ್ಷಣದಲ್ಲಿ ಅವನ ಆಟ ಮುಗಿಯುತ್ತದೆ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮರಳಿ ಕರೆ ಮಾಡುವಾಗ ಬಂದ ಕರೆಯ ಮೇಲೆಯೇ ಬೆರಳಿಡಬೇಡಿ. ಕೆಲವೊಮ್ಮೆ ವಂಚಕ ಬಳಸುವುದು ಮಗನ ನಂಬರನ್ನಲ್ಲ, ಅದನ್ನೇ ಹೋಲುವ, ಒಂದೆರಡು ಅಂಕಿ ವ್ಯತ್ಯಾಸದ ತನ್ನದೇ ನಂಬರನ್ನು. ನಿಮ್ಮ ಪಟ್ಟಿಯಿಂದ ತೆಗೆದು ಅಥವಾ ಅಂಕಿಗಳನ್ನು ಒತ್ತಿ ಕರೆ ಮಾಡಿ. ಮಗಳು ಮಾಡಿದಂತೆ ಬೇರೆ ಮೊಬೈಲಿನಿಂದ ಮಾಡಿದರೆ ಇನ್ನೂ ಒಳ್ಳೆಯದು.

ಈ ಉಪಾಯ ಸೋಲುವ ಸಂದರ್ಭವೂ ಇದೆ. ಕೊರಿಯರ್‌ನವರ ವೇಷದಲ್ಲಿ ಮಾತನಾಡಿ, ಯಾವುದೋ ಸಂಕೇತವನ್ನು ಒತ್ತಿಸಿ, ಮಗನಿಗೆ ಬರುವ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಂಡಿದ್ದರೆ ನಾವು ಮರಳಿ ಮಾಡುವ ಕರೆಯೂ ವಂಚಕನಿಗೇ ಹೋಗುತ್ತದೆ. ಹೀಗಾಗಿ ಇನ್ನೊಂದು ದಾರಿಯಲ್ಲೂ ವಿಚಾರಿಸಬೇಕು: ಅವರ ಅಲ್ಲಿನ ನಂಬರ್, ಬೋಟಿಮ್, ಇಲ್ಲವೇ ಕೋಣೆಯ ಗೆಳೆಯ. ತಿರುಗಿಸಿದ್ದಾರೆಯೇ ಎಂದು ಮಗ ತನ್ನ ಮೊಬೈಲಿನಲ್ಲಿ ಕೆಳಗಿನ ಮೊದಲನೆಯ ಸಂಕೇತವನ್ನು ಒತ್ತಿ ನೋಡಬಹುದು. ಎರಡನೆಯದು ಎಲ್ಲ ತಿರುಗಿಸುವಿಕೆಯನ್ನೂ ರದ್ದು ಮಾಡುತ್ತದೆ.

```
*#21#
##002#
```

ಇಲ್ಲಿ ಹಾಗೇನೂ ಆಗಿರಲಿಲ್ಲ. ಮಗನ ಮೊಬೈಲಿನಲ್ಲಿ ಆ ಹೊತ್ತಿಗೆ ಹೊರಹೋದ ಕರೆಯ ಗುರುತಿರಲಿಲ್ಲ, ಊರಿನ ಸಿಮ್ಮಿನ ಖಾತೆಯಲ್ಲಿ ರೋಮಿಂಗ್ ಶುಲ್ಕವೂ ಕಡಿತವಾಗಿರಲಿಲ್ಲ. ಆ ಸಿಮ್ಮಿನಿಂದ ಕರೆ ಹೊರಟಿದ್ದರೆ ಶುಲ್ಕ ಬೀಳಲೇಬೇಕಿತ್ತು. ನಂಬರ್ ಕದ್ದದ್ದು, ಸಿಮ್ ಅಲ್ಲ ಎಂದು ತೀರ್ಮಾನಿಸಲು ನನಗೆ ಅಷ್ಟು ಸಾಕಾಯಿತು. ಸಿಮ್ ಬದಲಾಯಿಸಬೇಕೇ ಎಂದು ಮಗ ಕೇಳಿದರು. ಬೇಡ ಎಂದೆ. ಸಿಮ್ ಬದಲಾಯಿಸಿದರೂ ನಂಬರ್ ಅದೇ ಆಗಿರುತ್ತದೆ, ಅದನ್ನು ಬರೆದು ಕಳುಹಿಸುವವನಿಗೆ ಅಡ್ಡಿಯಾಗುವುದಿಲ್ಲ.

ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಹೋಗಿರದಿದ್ದರೂ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ದೂರು ಕೊಡಿ. ವಿದೇಶದಿಂದ ಭಾರತದ ನಂಬರ್ ತೋರಿಸಿ ಬಂದ ಕರೆಗಳನ್ನು ತಿಳಿಸಲು ಅಲ್ಲಿ ಪ್ರತ್ಯೇಕ ಅವಕಾಶವಿದೆ. ದೂರಿನಲ್ಲಿ ಕಂಡ ನಂಬರಿನ ಜೊತೆಗೆ ದಿನಾಂಕ, ಕರೆ ಬಂದ ಗಂಟೆ, ನಿಮಿಷ, ಎಷ್ಟು ಹೊತ್ತು ಮಾತನಾಡಿದಿರಿ ಎಂಬುದನ್ನೂ ಬರೆಯಿರಿ. ಮೊಬೈಲಿನ ಕರೆಪಟ್ಟಿಯನ್ನು ಅಳಿಸಬೇಡಿ. ನಂಬರ್ ಸುಳ್ಳಾದರೂ ಆ ಕರೆ ಯಾವ ಕಂಪನಿಯ ಯಾವ ಮಾರ್ಗದಿಂದ ಒಳಬಂತು ಎಂಬುದು ನಿಮ್ಮ ಮೊಬೈಲ್ ಕಂಪನಿಯ ದಾಖಲೆಯಲ್ಲಿರುತ್ತದೆ. ಸರಿಯಾದ ಸಮಯ ಸಿಕ್ಕರೆ ಆ ಸಾಲನ್ನು ಹುಡುಕಿ, ಕಳುಹಿಸಿದ ಕಂಪನಿಯನ್ನು ಕೇಳಿ, ಅದರ ಹಿಂದಿನದನ್ನು ಕೇಳಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಲು ಸಾಧ್ಯ.