ಲೇಹ್‌ನಾಗ ಎರಡೇ ದಿನಕ್ಕ ರಕ್ತ ಹೆಚ್ಚಾಗ್ತದೇನ್ರಿ?

ಕಲಬುರಗಿ ಓದುಗರೊಬ್ಬರ ಪ್ರಶ್ನೆ: "ಮುಂದಿನ ತಿಂಗಳು ವಿಮಾನದಾಗ ಲೇಹ್‌ಗೆ ಹೊಂಟೀವಿ. ಮೊದಲ ಎರಡು ದಿನ ಸುಮ್ಮ ರೂಮಿನಾಗ ಇರ್ರಿ, ರಕ್ತ ಹೆಚ್ಚಾಗ್ತದ, ಆಮ್ಯಾಲ ಅಡ್ಡಾಡ್ರಿ ಅಂತಾರ. ಖರೇ ಏನ್ರಿ? ಈಗಿಂದ್ಲೇ ಕಬ್ಬಿಣದ ಗುಳಿಗಿ ತಗೊಂಡ್ರ ಅನುಕೂಲ ಆಗ್ತದೇನು?"

ಎರಡು ದಿನ ಸುಮ್ಮನಿರಬೇಕು ಅನ್ನೋದು ಸರಿ, ಅದಕ್ಕೆ ಕೊಡುವ ಕಾರಣ ತಪ್ಪು. ಆ ಎರಡು ದಿನಗಳಲ್ಲಿ ಹೊಂದಿಕೊಳ್ಳುವುದು ಉಸಿರಾಟ ಮತ್ತು ಮೂತ್ರಪಿಂಡ. ರಕ್ತದ ಸರದಿ ಬಹಳ ತಡವಾಗಿ ಬರುತ್ತದೆ.

ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಲೇಹ್ ಸುಮಾರು 3,500 ಮೀಟರ್. ಎರಡೂ ಕಡೆ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21. ಆದರೆ ಗಾಳಿಯ ಒತ್ತಡ ಇಲ್ಲಿ ಪಾದರಸದ ಸುಮಾರು 720 ಮಿಲಿಮೀಟರ್ ಇದ್ದರೆ ಅಲ್ಲಿ 495ರ ಆಸುಪಾಸು. ಹೀಗಾಗಿ ನಮ್ಮ ಶ್ವಾಸಕೋಶದ ಗಾಳಿಚೀಲಗಳಲ್ಲಿ ಆಮ್ಲಜನಕದ ಒತ್ತಡ ಇಲ್ಲಿ 90ರಷ್ಟಿರುತ್ತದೆ. ಲೇಹ್‌ನಲ್ಲಿ ಇಲ್ಲಿನಂತೆಯೇ ಉಸಿರಾಡಿದರೆ 44ಕ್ಕೆ ಇಳಿಯುತ್ತದೆ.

ಅಷ್ಟು ಇಳಿಯಲು ದೇಹ ಬಿಡುವುದಿಲ್ಲ. ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳ ಹತ್ತಿರ ಆಮ್ಲಜನಕ ಅಳೆಯುವ ಸಣ್ಣ ಅಂಗಗಳಿವೆ. ಕೊರತೆ ಕಂಡ ಕೆಲವೇ ನಿಮಿಷಗಳಲ್ಲಿ ಅವು ಉಸಿರಾಟ ಹೆಚ್ಚಿಸುತ್ತವೆ, ಹೃದಯದ ಬಡಿತವೂ ಏರುತ್ತದೆ. ಉಸಿರು ಹೆಚ್ಚಾದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ, ಗಾಳಿಚೀಲದಲ್ಲಿ ಆಮ್ಲಜನಕಕ್ಕೆ ಜಾಗವಾಗುತ್ತದೆ. ಡೈಆಕ್ಸೈಡ್‌ನ ಒತ್ತಡ 40ರಿಂದ 30ಕ್ಕೆ ಇಳಿದರೆ ಆಮ್ಲಜನಕದ್ದು 44ರಿಂದ 56ಕ್ಕೆ ಏರುತ್ತದೆ. ಒಂದು ಹನಿ ಹೊಸ ರಕ್ತವಿಲ್ಲದೆ ಸಿಗುವ ಲಾಭ ಇದು.

ಆದರೆ ಮೊದಲ ದಿನವೇ ಪೂರ್ತಿ ಸಿಗುವುದಿಲ್ಲ. ಡೈಆಕ್ಸೈಡ್ ಕಡಿಮೆಯಾದರೆ ರಕ್ತ ಕ್ಷಾರೀಯವಾಗುತ್ತದೆ. ಅದನ್ನು ಕಂಡ ಮೆದುಳು "ಉಸಿರು ಸಾಕು" ಎಂದು ಬ್ರೇಕ್ ಹಾಕುತ್ತದೆ. ಒಂದು ಕಡೆ ಒತ್ತುವಿಕೆ, ಇನ್ನೊಂದು ಕಡೆ ತಡೆ. ಇದೇ ಎಳೆದಾಟದಿಂದ ರಾತ್ರಿ ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡ್ ನಿಂತು, ಮತ್ತೆ ಜೋರಾಗಿ ಶುರುವಾಗುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಗಾಬರಿ. ಹೊಸಬರಲ್ಲಿ ಅದು ಸಾಮಾನ್ಯ.

ಬ್ರೇಕ್ ಸಡಿಲಿಸುವುದು ಮೂತ್ರಪಿಂಡ. ಹೆಚ್ಚಾದ ಕ್ಷಾರವನ್ನು, ಅಂದರೆ ಬೈಕಾರ್ಬೊನೇಟನ್ನು, ಅದು ಎರಡರಿಂದ ಐದು ದಿನಗಳಲ್ಲಿ ಮೂತ್ರದ ಮೂಲಕ ಹೊರಹಾಕುತ್ತದೆ. ರಾತ್ರಿ ಎರಡು ಮೂರು ಸಲ ಏಳಬೇಕಾದರೆ ಸಿಟ್ಟಾಗಬೇಡಿ, ಕೆಲಸ ನಡೆದಿದೆ ಅಂತರ್ಥ. ವೈದ್ಯರು ಬರೆಯುವ ಅಸೆಟಜೋಲಮೈಡ್ ಇದೇ ಕೆಲಸವನ್ನು ಬೇಗ ಮಾಡಿಸುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಹೊರಡುವ ಹಿಂದಿನ ದಿನದಿಂದ. ಬೆರಳು ಜುಮುಜುಮು ಅನ್ನುತ್ತವೆ. ಸಲ್ಫಾ ಔಷಧಿಯ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಮದ್ಯ ಮತ್ತು ನಿದ್ದೆ ಗುಳಿಗೆ ಉಸಿರಾಟವನ್ನೇ ತಗ್ಗಿಸುವುದರಿಂದ ಆ ದಿನಗಳಲ್ಲಿ ಬೇಡ.

ಇನ್ನು ರಕ್ತ. ಮೂರನೇ ದಿನ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏರಿದ್ದು ಕಾಣಬಹುದು, ಗಾಳಿಮಾತು ಹುಟ್ಟಿದ್ದೇ ಅದರಿಂದ ಇರಬೇಕು. ಆದರೆ ರಕ್ತಕಣ ಹೆಚ್ಚಾಗಿರುವುದಿಲ್ಲ. ರಕ್ತದ ನೀರಿನಂಶ ಕಡಿಮೆಯಾಗಿರುತ್ತದೆ, ಬೇಳೆ ಅಷ್ಟೇ ಇದ್ದು ಸಾರು ಬತ್ತಿದಂತೆ. ರಕ್ತಕಣ ಹುಟ್ಟಿಸುವ ಹಾರ್ಮೋನು ಕೆಲವೇ ಗಂಟೆಗಳಲ್ಲಿ ಏರುತ್ತದೆ ನಿಜ, ಆದರೆ ಲೆಕ್ಕಕ್ಕೆ ಬರುವಷ್ಟು ಕಣಗಳು ಹೆಚ್ಚಲು ವಾರಗಳೇ ಬೇಕು. ಎಂಟು ದಿನದ ಪ್ರವಾಸದಲ್ಲಿ ಅದರ ಉಪಯೋಗ ನಿಮಗೆ ಸಿಗುವುದಿಲ್ಲ. ಕಬ್ಬಿಣದ ಗುಳಿಗೆ ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಮಾತ್ರ. ದಿನಾ ಅಪ್ಪನ ಕೆರೆ ಸುತ್ತ ಓಡುವ ಗಟ್ಟಿ ದೇಹವೂ ಇಲ್ಲಿ ರಕ್ಷಣೆಯಲ್ಲ. ಅಂಥವರೇ ಮೊದಲ ದಿನ ಹುರುಪಿನಲ್ಲಿ ಓಡಾಡಿ ಹೆಚ್ಚು ಬಳಲುವುದುಂಟು.

ಆಕ್ಸಿಮೀಟರ್ ಒಯ್ಯುವುದಾದರೆ ಬೆರಳು ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಕೂತು ನೋಡಿ. ಮೊದಲ ದಿನ ಶೇ. 85ರಿಂದ 90 ಬಂದರೆ ಆಶ್ಚರ್ಯವಿಲ್ಲ. ಒಂದು ಅಂಕಿಗಿಂತ, ದಿನದಿಂದ ದಿನಕ್ಕೆ ಅದು ಏರುತ್ತಿದೆಯೇ ಎಂಬುದು ಮುಖ್ಯ.

ಪ್ರವಾಸದ ಕ್ರಮದಲ್ಲೇ ಹೆಚ್ಚಿನವರು ಎಡವುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಪ್ಯಾಂಗಾಂಗ್ ಸರೋವರ ಸುಮಾರು 4,250 ಮೀಟರ್, ಲೇಹ್‌ನಿಂದ ನೇರ ಹೋಗಿ ಮಲಗಿದರೆ 750 ಮೀಟರ್ ಜಿಗಿತ. ನುಬ್ರಾದ ಹುಂಡರ್ ಲೇಹ್‌ಗಿಂತ ತಗ್ಗಿನಲ್ಲಿದೆ, ಹಾಗಾಗಿ ಮೊದಲು ಅಲ್ಲಿ ಮಲಗಿ, ಪ್ಯಾಂಗಾಂಗ್ ಕೊನೆಗೆ ಇಟ್ಟುಕೊಳ್ಳಿ. ಆದರೆ ಎರಡೂ ಕಡೆಯಿಂದ ಲೇಹ್‌ಗೆ ಮರಳುವ ಮುಖ್ಯ ರಸ್ತೆಗಳು 5,300 ಮೀಟರ್‌ಗೂ ಹೆಚ್ಚು ಎತ್ತರದ ಕಣಿವೆದಾರಿ ಹತ್ತಿಯೇ ಇಳಿಯುತ್ತವೆ. ಕಾಯಿಲೆ ಬಿದ್ದವರನ್ನು ಇಳಿಸುವ ಮುನ್ನ ಮೇಲಕ್ಕೆ ಒಯ್ಯಬೇಕಾಗುತ್ತದೆ. ಆದ್ದರಿಂದ ತಲೆನೋವಿನ ಜತೆ ವಾಕರಿಕೆ ಇರುವಾಗ ಲೇಹ್ ಬಿಡಬೇಡಿ. ಕೂತಲ್ಲೇ ಏದುಸಿರು, ಕೆಮ್ಮು ಶುರುವಾದರೆ, ಅಥವಾ ನೇರ ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಕಾಲ್ಬೆರಳಿಗೆ ತಾಗಿಸುತ್ತ ನಡೆಯಲಾಗದಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಮ್ಲಜನಕ ಹಾಕಿಸಿ ಆಸ್ಪತ್ರೆಗೆ ಒಯ್ಯಿರಿ.