ಅಳಿಸಿದ ಬ್ಯಾಕ್‌ಗ್ರೌಂಡ್ ಪಿಎನ್‌ಜಿ ಒಳಗೆ ಉಳಿದಿರುತ್ತಾ?

ಪ್ರಶ್ನೆ: ಫೋಟೋದ ಬ್ಯಾಕ್‌ಗ್ರೌಂಡ್ ಅಳಿಸಿ ಪಿಎನ್‌ಜಿಯಾಗಿ ಸೇವ್ ಮಾಡಿ ಕಳಿಸಿದ್ದೇನೆ. ಅಳಿಸಿದ್ದನ್ನು ಬೇರೆಯವರು ಮತ್ತೆ ನೋಡಬಹುದೇ?

ಕೆಲವು ಸಲ ನೋಡಬಹುದು. ನೀವು ಯಾವುದರಲ್ಲಿ ಅಳಿಸಿದಿರಿ, ಹೇಗೆ ಸೇವ್ ಮಾಡಿದಿರಿ ಅನ್ನೋದರ ಮೇಲೆ ಅದು ನಿಂತಿದೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳಿ ಮುಗಿಸಿದ ಮೇಲೂ ಅದೇ ಮಾತು ವಾಪಸ್ ಬರುತ್ತೆ: "ಆದ್ರೆ ಸಾರ್, ಅಲ್ಲಿ ಬೂದು ಬಿಳಿ ಚೌಕಳಿ ಕಾಣ್ತಿದೆಯಲ್ಲ, ಅಂದ್ರೆ ಖಾಲಿ ತಾನೆ?"

ಖಾಲಿ ಅಲ್ಲ. ಆ ಚೌಕಳಿ ನಿಮ್ಮ ಫೈಲಿನಲ್ಲೇ ಇಲ್ಲ. ಎಡಿಟರ್ ತನ್ನ ಪಾಡಿಗೆ ಹಿಂದೆ ಬಿಡಿಸಿಕೊಂಡಿದೆ, ಅಷ್ಟೇ.

ಫೈಲಿನಲ್ಲಿ ಇರೋದು ಅಂಕಿಗಳು. ಸಾಮಾನ್ಯವಾದ ಪಾರದರ್ಶಕ ಪಿಎನ್‌ಜಿಯಲ್ಲಿ ಒಂದೊಂದು ಪಿಕ್ಸೆಲ್‌ಗೂ ನಾಲ್ಕು ಅಂಕಿ: ಕೆಂಪು, ಹಸಿರು, ನೀಲಿ, ಆಮೇಲೆ ಆಲ್ಫಾ. ಎಲ್ಲವೂ 0ಯಿಂದ 255ರೊಳಗೆ. ಆಲ್ಫಾ 255 ಆದರೆ ಪಿಕ್ಸೆಲ್ ಪೂರ್ತಿ ಕಾಣುತ್ತೆ, 0 ಆದರೆ ಕಾಣಲ್ಲ. ನಿಮ್ಮ ಹಿಂದೆ ಕಂದು ಬಣ್ಣದ ಬೀರು ಇತ್ತು ಅಂದುಕೊಳ್ಳಿ. ಅದರ ಒಂದು ಪಿಕ್ಸೆಲ್ ಹೀಗಿತ್ತು:

```
182 140 96 255
```

ಎರೇಸರ್ ಆಡಿಸಿದ ಮೇಲೆ ಹೀಗಾಯ್ತು:

```
182 140 96 0
```

ಬದಲಾಗಿದ್ದು ಕೊನೆಯ ಅಂಕಿ ಮಾತ್ರ. ಬೀರುವಿನ ಬಣ್ಣ ಹಾಗೇ ಕೂತಿದೆ. ನೀವು ಬೀರುವನ್ನು ಹೊರಗೆ ಸಾಗಿಸಲಿಲ್ಲ, ದೀಪ ಆರಿಸಿದಿರಿ.

ಇನ್ನೂ ನಂಬಿಕೆ ಬರಲಿಲ್ವಾ? ಗಿಂಪ್ ಅನ್ನೋ ಫೋಟೋ ಎಡಿಟರ್‌ನಲ್ಲಿ ಎರೇಸರ್ ತಗೊಂಡು ಅದರ ಆಯ್ಕೆಗಳನ್ನು ನೋಡಿ. `Anti erase` ಅಂತ ಒಂದಿದೆ. ಅದನ್ನು ಆನ್ ಮಾಡಿ ಅಳಿಸಿದ ಜಾಗದ ಮೇಲೆ ಎಳೆದರೆ ಅಳಿಸಿದ್ದು ವಾಪಸ್ ಬರುತ್ತೆ. ಅನ್‌ಡೂ ಅಲ್ಲ ಇದು. ಅಲ್ಲಿ ನಿಜವಾಗಿ ಏನೂ ಇಲ್ಲದಿದ್ದರೆ ಎಲ್ಲಿಂದ ಬರಬೇಕು?

ಗಿಂಪ್‌ನಿಂದ ಎಕ್ಸ್‌ಪೋರ್ಟ್ ಮಾಡುವಾಗ `Save color values from transparent pixels` ಅನ್ನೋ ಪೆಟ್ಟಿಗೆ ಸಿಗುತ್ತೆ. ಟಿಕ್ ಇದ್ದರೆ ಈ ಕಾಣದ ಬಣ್ಣಗಳೂ ಫೈಲಿಗೆ ಹೋಗುತ್ತವೆ. ಇದು ಬಗ್ ಅಲ್ಲ. ಬಣ್ಣವನ್ನೂ ಆಲ್ಫಾವನ್ನೂ ಬೇರೆ ಬೇರೆಯಾಗಿ ಇಡಬೇಕು ಅಂತಲೇ ಪಿಎನ್‌ಜಿಯನ್ನು ರೂಪಿಸಿದ್ದಾರೆ. ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿ ಇಟ್ಟುಕೊಳ್ಳುವ ಪ್ರೋಗ್ರಾಂಗಳೂ ಇವೆ. ಅಲ್ಲಿ ಏನನ್ನು 0ಯಿಂದ ಗುಣಿಸಿದರೂ 0. ಅಂಥ ಕಡೆ ಹಾದು ಬಂದ ಫೈಲಿನಲ್ಲಿ ಪೂರ್ತಿ ಪಾರದರ್ಶಕ ಜಾಗದ ಬಣ್ಣ ಸತ್ತಿರುತ್ತೆ, ಯಾರಿಂದಲೂ ವಾಪಸ್ ತರೋಕಾಗಲ್ಲ. ಹಾಗಾಗಿ "ಯಾವ ಪಿಎನ್‌ಜಿಯಿಂದ ಬೇಕಾದ್ರೂ ತೆಗೀತೀನಿ" ಅನ್ನೋರನ್ನೂ ನಂಬಬೇಡಿ.

ನಿಮ್ಮದನ್ನು ನೀವೇ ನೋಡಿಕೊಳ್ಳಿ. ಕಮಾಂಡ್ ಕೊಟ್ಟು ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ಅನ್ನೋ ಪ್ರೋಗ್ರಾಂ ಇದ್ದರೆ ಟರ್ಮಿನಲ್‌ನಲ್ಲಿ ಒಂದೇ ಸಾಲು:

```
magick photo.png -alpha off test.png
```

ಇದು ಆಲ್ಫಾವನ್ನು ಪಕ್ಕಕ್ಕಿಟ್ಟು ಬಣ್ಣಗಳನ್ನಷ್ಟೇ ತೋರಿಸುತ್ತೆ. ಅಳಿಸಿದ ಜಾಗ ಒಂದೇ ಸಮ ಕಪ್ಪೋ ಬಿಳಿಯೋ ಆಗಿದ್ದರೆ ಅಲ್ಲಿ ಏನೂ ಉಳಿದಿಲ್ಲ. ಬೀರು ಕಂಡರೆ ಉಳಿದಿದೆ. ನನ್ನ ಪರಿಚಯದವರೊಬ್ಬರಿಗೆ ಇದು ಗೊತ್ತಾಗಿದ್ದು ಇನ್ನೂ ವಿಚಿತ್ರವಾಗಿ. ಅವರ ಪಿಎನ್‌ಜಿಯನ್ನು ಯಾರೋ ಜೆಪೆಗ್‌ಗೆ ಬದಲಾಯಿಸಿದರು. ಜೆಪೆಗ್‌ನಲ್ಲಿ ಆಲ್ಫಾ ಇರಲ್ಲ. ಆ ಪ್ರೋಗ್ರಾಂ ಸುಮ್ನೆ ನಾಲ್ಕನೇ ಅಂಕಿಯನ್ನು ಎಸೆದುಬಿಟ್ಟಿತ್ತು, ಒಣಗಲು ಹಾಕಿದ್ದ ಬಟ್ಟೆಗಳ ಸಮೇತ ಹಳೇ ಕೋಣೆ ಪ್ರತ್ಯಕ್ಷ!

ತೊಳೆಯೋದು ಸುಲಭ:

```
magick photo.png -background black -alpha background clean.png
```

ಆಲ್ಫಾ 0 ಇರುವ ಪಿಕ್ಸೆಲ್‌ಗಳಿಗೆಲ್ಲ ಇದು ಕಪ್ಪು ಬಳಿಯುತ್ತೆ, ಪಾರದರ್ಶಕತೆ ಹಾಗೇ ಇರುತ್ತೆ. ಆದರೆ ಸರಿಯಾಗಿ 0 ಇದ್ದರೆ ಮಾತ್ರ. ಮೆತ್ತನೆ ಅಂಚಿನ ಬ್ರಷ್‌ನಿಂದ ಅಳಿಸಿದರೆ ಅಲ್ಲಲ್ಲಿ ಆಲ್ಫಾ 2, 3 ಅಂತ ಉಳಿದುಬಿಡುತ್ತೆ. ಕಣ್ಣಿಗೆ ಅದೂ ಖಾಲಿಯೇ. ಈ ಕಮಾಂಡ್ ಅದನ್ನು ಮುಟ್ಟಲ್ಲ. ತೊಳೆದ ಫೈಲಿನ ಮೇಲೆ ಮೊದಲಿನ ಪರೀಕ್ಷೆಯನ್ನು ಮತ್ತೆ ಓಡಿಸಿ. ಚೂರುಪಾರು ಕಂಡರೆ ಗಟ್ಟಿ ಅಂಚಿನ ಎರೇಸರ್‌ನಿಂದ ಅಲ್ಲಿ ಇನ್ನೊಮ್ಮೆ ಅಳಿಸಿ, ಮತ್ತೆ ತೊಳೆಯಿರಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ಕತ್ತರಿಸಿದ ಫೋಟೋವನ್ನು ಕಪ್ಪು ಹಿನ್ನೆಲೆ ಮೇಲಿಟ್ಟಾಗ ಕೂದಲ ಸುತ್ತ ಬಿಳಿ ಗೆರೆ ಬರುತ್ತಲ್ಲ, ಅದೂ ಇದೇ ಸಂತತಿ. ಕೂದಲ ಅಂಚಿನ ಪಿಕ್ಸೆಲ್‌ನಲ್ಲಿ ಫೋಟೋ ತೆಗೆಯುವಾಗಲೇ ಕೂದಲ ಬಣ್ಣವೂ ಹಿಂದಿನ ಗೋಡೆಯ ಬಣ್ಣವೂ ಕಲಸಿಹೋಗಿರುತ್ತವೆ. ಆಲ್ಫಾವನ್ನು 120ಕ್ಕೆ ಇಳಿಸಿದರೂ ಆ ಕಲಸಿದ ಬಣ್ಣ ಅಲ್ಲೇ ಇರುತ್ತೆ. ಅದರಿಂದ ನಿಮ್ಮ ಕೋಣೆಯ ಚಿತ್ರ ಸಿಗಲ್ಲ, ಗೋಡೆ ಬಿಳಿ ಇತ್ತು ಅನ್ನೋದು ಸಿಗುತ್ತೆ. ಅದೂ ಬೇಡ ಅಂದ್ರೆ ಸೆಲೆಕ್ಷನ್ ಅನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ತಗೊಳ್ಳಿ. ನಾಲ್ಕು ಕೂದಲು ಹೋಗುತ್ತೆ, ಹೋಗಲಿ ಬಿಡಿ.